ಕೆರಾಟಿನ್, ಸ್ಮೂದನಿಂಗ್, ಫಾರ್ಮಾಲ್ಡಿಹೈಡ್: ನಮ್ಮ ಪಾರ್ಲರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಹದಿನಾರು ವರ್ಷದಿಂದ ಚಿಕ್ಕದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಮದುವೆ ಸೀಸನ್ ಶುರುವಾಯಿತು ಅಂದರೆ ಕೂದಲು ನೇರ ಮಾಡಿಸುವವರು ಜಾಸ್ತಿ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೂದಲು ತೊಳೆಯುತ್ತಾ, ಐರನ್ ಮಾಡುತ್ತಾ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಸ್ಟ್ರೈಟನಿಂಗ್, ರೀಬಾಂಡಿಂಗ್, ಸ್ಮೂದನಿಂಗ್, ಕೆರಾಟಿನ್, ಬೋಟಾಕ್ಸ್. ಇವೆಲ್ಲ ಒಂದೇನಾ?

ಅಲ್ಲ. ಹೆಸರು ಹತ್ತಾರು ಇವೆ, ಒಳಗಿನ ಕೆಲಸ ಮಾತ್ರ ಎರಡೇ ಬಗೆ.

ಮೊದಲನೆಯದು ರೀಬಾಂಡಿಂಗ್. ಪರ್ಮನೆಂಟ್ ಸ್ಟ್ರೈಟನಿಂಗ್ ಅನ್ನುವುದೂ ಇದನ್ನೇ. ಕೂದಲಿನ ಪ್ರೋಟೀನ್ ಎಳೆಗಳನ್ನು ಗಂಧಕದ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಗುಂಗುರು ಕೂದಲು ಗುಂಗುರಾಗಿಯೇ ಉಳಿಯುವುದಕ್ಕೆ ಈ ಕೊಂಡಿಗಳೇ ಮುಖ್ಯ ಕಾರಣ. ರೀಬಾಂಡಿಂಗ್ ಕ್ರೀಮಿನಲ್ಲಿರುವ ಅಮೋನಿಯಂ ಥಯೋಗ್ಲೈಕೋಲೇಟ್ ಆ ಕೊಂಡಿಗಳನ್ನು ಬಿಡಿಸುತ್ತದೆ. ಆಮೇಲೆ ಐರನ್ ಮಾಡಿ ಕೂದಲನ್ನು ನೇರ ಮಾಡುತ್ತೇವೆ. ಕೊನೆಗೆ ನ್ಯೂಟ್ರಲೈಸರ್ ಹಾಕಿದಾಗ ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಕೊಂಡಿಗಳನ್ನು ಹೊಸ ಜಾಗದಲ್ಲಿ ಕಟ್ಟುತ್ತದೆ. ಹಾಗಾಗಿ ಒಮ್ಮೆ ನೇರವಾದ ಕೂದಲು ನೇರವಾಗಿಯೇ ಇರುತ್ತದೆ. ಬುಡದಿಂದ ಹೊಸದಾಗಿ ಬರುವುದು ಮಾತ್ರ ಹಳೆಯ ಗುಂಗುರೇ. ಇದರಲ್ಲಿ ಕೆಟ್ಟ ವಾಸನೆ ಇದೆ, ಕೂದಲು ತುಂಡಾಗುವ ಭಯವೂ ಇದೆ. ಆದರೆ ಈ ವಿಧಾನ ಫಾರ್ಮಾಲ್ಡಿಹೈಡ್ ಅನ್ನುವ, ಉಸಿರಾಡಿದರೆ ಅಪಾಯ ತರುವ ರಾಸಾಯನಿಕದ ಮೇಲೆ ನಿಂತಿಲ್ಲ.

ಎರಡನೆಯದು ಕೆರಾಟಿನ್ ಟ್ರೀಟ್‌ಮೆಂಟ್ ಕಡೆಯದು. ಇಲ್ಲಿ ಕೊಂಡಿ ಬಿಡಿಸುವುದಿಲ್ಲ. ಒಂದು ದ್ರವ ಹಚ್ಚಿ, ಒಣಗಿಸಿ, ಸುಮಾರು 200ರಿಂದ 230 ಡಿಗ್ರಿ ಬಿಸಿಯ ಐರನ್‌ನಿಂದ ಒತ್ತುತ್ತಾರೆ. ಆ ಬಿಸಿಗೆ ದ್ರವದಲ್ಲಿರುವ ರಾಸಾಯನಿಕ ಕೂದಲಿನ ಪ್ರೋಟೀನ್‌ಗೆ ಅಂಟಿಕೊಂಡು, ಕೂದಲು ನೇರವಾಗಿದ್ದ ಹಾಗೇ ನಿಲ್ಲುತ್ತದೆ. ಮೂರರಿಂದ ಐದು ತಿಂಗಳಲ್ಲಿ ತೊಳೆದು ತೊಳೆದು ಹೋಗುತ್ತದೆ. ಬ್ರೆಜಿಲಿಯನ್, ಹೇರ್ ಬೋಟಾಕ್ಸ್, ನ್ಯಾನೋಪ್ಲಾಸ್ಟಿಯಾ ಅಂತ ಮಾರುವುದರಲ್ಲಿ ಬಹುಪಾಲು ಈ ಗುಂಪಿಗೇ ಸೇರುತ್ತದೆ. ಫಾರ್ಮಾಲ್ಡಿಹೈಡ್ ಪ್ರಶ್ನೆ ಏಳುವುದು ಇಲ್ಲಿ.

ಸ್ಮೂದನಿಂಗ್ ಅನ್ನುವ ಮಾತಿಗೆ ಮಾತ್ರ ಖಚಿತ ಅರ್ಥವಿಲ್ಲ. ಒಂದು ಪಾರ್ಲರ್‌ನಲ್ಲಿ ಅದು ಹಗುರ ರೀಬಾಂಡಿಂಗ್, ಇನ್ನೊಂದರಲ್ಲಿ ಕೆರಾಟಿನ್. ಅದಕ್ಕೇ ಹೆಸರು ಕೇಳಿ ತೀರ್ಮಾನ ಮಾಡಬೇಡಿ, ಬಾಟಲಿ ನೋಡಿ.

ಕೆರಾಟಿನ್ ಹಾಕಿಸಿದರೆ ಕೂದಲಿಗೆ ಪ್ರೋಟೀನ್ ಸಿಗುತ್ತೆ ಅಂತಾರಲ್ಲ?

ಬಾಟಲಿಯಲ್ಲಿ ಕೆರಾಟಿನ್ ಇರುತ್ತದೆ, ಸುಳ್ಳಲ್ಲ. ಚಿಕ್ಕ ಚಿಕ್ಕ ತುಣುಕು ಮಾಡಿದ ಪ್ರೋಟೀನ್ ಅದು. ಕೂದಲ ಮೇಲೆ ತೆಳುವಾಗಿ ಕೂತು ನುಣುಪು ಕೊಡುತ್ತದೆ. ಆದರೆ ಅದೊಂದರಿಂದಲೇ ಕೂದಲು ಮೂರು ತಿಂಗಳು ನೇರ ನಿಲ್ಲುವುದಿಲ್ಲ. ಬರೀ ಕೆರಾಟಿನ್ ಇರುವ ಹೇರ್ ಮಾಸ್ಕ್ ಹಚ್ಚಿ ನೋಡಿ, ಕೆಲವು ಸಲ ತಲೆಗೆ ನೀರು ಹಾಕುವಷ್ಟರಲ್ಲಿ ಮುಗಿಯಿತು. ತಿಂಗಳುಗಟ್ಟಲೆ ನಿಲ್ಲಿಸುವುದು ಬೇರೆ ರಾಸಾಯನಿಕ. ಹೆಚ್ಚಾಗಿ ಅದು ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲ. ಹಾಗಾಗಿ "ಇದು ಬರೀ ಪ್ರೋಟೀನ್, ಆದರೆ ಐದು ತಿಂಗಳು ಬಾಳುತ್ತೆ" ಅಂತ ಯಾರಾದರೂ ಹೇಳಿದರೆ, ಹಾಗಿದ್ದರೆ ನಿಲ್ಲಿಸುವುದು ಯಾವುದು ಅಂತ ಕೇಳಿ.

ಬಾಟಲಿ ಮೇಲೆ "ಫಾರ್ಮಾಲ್ಡಿಹೈಡ್ ಫ್ರೀ" ಅಂತ ದೊಡ್ಡದಾಗಿ ಬರೆದಿದೆ. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಇದನ್ನು ತಿಳಿಯಲು ಪೋರ್ಟ್‌ಲ್ಯಾಂಡ್ ಕಥೆ ಗೊತ್ತಿರಬೇಕು.

2010ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ ಒಂದು ಸಲೂನ್‌ನಲ್ಲಿ ಕೆಲಸ ಮಾಡುವವರಿಗೆ ಕಣ್ಣುರಿ, ಉಸಿರಾಟದ ತೊಂದರೆ, ಮೂಗಿನಲ್ಲಿ ರಕ್ತ ಶುರುವಾಯಿತು. ಅವರು ಬಳಸುತ್ತಿದ್ದದ್ದು "ಬ್ರೆಜಿಲಿಯನ್ ಬ್ಲೋಔಟ್" ಅನ್ನುವ ದ್ರವ. ಮೇಲೆ ಫಾರ್ಮಾಲ್ಡಿಹೈಡ್ ಫ್ರೀ ಅಂತ ಬರೆದಿತ್ತು. ಆ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ 54 ಸಲೂನ್‌ಗಳಿಂದ ನೂರಕ್ಕೂ ಹೆಚ್ಚು ಮಾದರಿಗಳನ್ನು ತರಿಸಿ ಪರೀಕ್ಷೆ ಮಾಡಿಸಿತು. ಈ ದ್ರವದಲ್ಲಿ ಸರಾಸರಿ ಶೇ. 8ಕ್ಕಿಂತ ಹೆಚ್ಚು ಫಾರ್ಮಾಲ್ಡಿಹೈಡ್ ಸಿಕ್ಕಿತು. ಅದೇ ವರ್ಷ ಕೆನಡಾ ಸರ್ಕಾರವೂ ಅದರ ಬಗ್ಗೆ ಜನರನ್ನು ಎಚ್ಚರಿಸಿತು. 2011ರಲ್ಲಿ ಅಮೆರಿಕದಲ್ಲಿ ಔಷಧ, ಸೌಂದರ್ಯ ಸಾಧನಗಳ ಮೇಲೆ ಕಣ್ಣಿಡುವ ಎಫ್‌ಡಿಎ ಇಲಾಖೆ ಕಂಪನಿಗೆ ಎಚ್ಚರಿಕೆ ಪತ್ರ ಕಳಿಸಿತು. 2012ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಹಾಕಿದ ಕೇಸು ರಾಜಿಯಾಗಿ, ಕಂಪನಿ 6 ಲಕ್ಷ ಡಾಲರ್ ಕೊಡಬೇಕಾಯಿತು, ಎಚ್ಚರಿಕೆಯನ್ನೂ ಬರೆಯಬೇಕಾಯಿತು.

ಹಾಗಿದ್ದರೆ "ಫ್ರೀ" ಅಂತ ಹೇಗೆ ಬರೆದರು? ಫಾರ್ಮಾಲ್ಡಿಹೈಡ್ ಅಂದರೆ ಅಸಲಿಗೆ ಒಂದು ಅನಿಲ. ಅದನ್ನು ನೀರಿನಲ್ಲಿ ಕರಗಿಸಿದ ಕೂಡಲೇ ಬಹುಪಾಲು ನೀರಿನ ಜೊತೆ ಸೇರಿ ಮೀಥೈಲೀನ್ ಗ್ಲೈಕಾಲ್ ಆಗುತ್ತದೆ. ಬಾಟಲಿಯಲ್ಲಿ ಇರುವುದು ಗ್ಲೈಕಾಲ್, ಫಾರ್ಮಾಲ್ಡಿಹೈಡ್ ಅಲ್ಲ ಅನ್ನುವುದು ಅವರ ವಾದ. ಆದರೆ ಇವೆರಡೂ ಯಾವಾಗಲೂ ಆ ಕಡೆ ಈ ಕಡೆ ಬದಲಾಗುತ್ತಲೇ ಇರುತ್ತವೆ. ಬ್ಲೋ ಡ್ರೈ ಮಾಡಿ, 230 ಡಿಗ್ರಿ ಐರನ್ ಇಟ್ಟರೆ ನೀರು ಹಾರುತ್ತದೆ, ಗ್ಲೈಕಾಲ್ ಮತ್ತೆ ಫಾರ್ಮಾಲ್ಡಿಹೈಡ್ ಅನಿಲವಾಗಿ ನೇರ ಮುಖಕ್ಕೆ ಬರುತ್ತದೆ. ಬಾಟಲಿಯಲ್ಲಿ ಏನೇ ಹೆಸರಿರಲಿ, ಉಸಿರಾಡುವವರಿಗೆ ಸಿಗುವುದು ಅದೇ.

ಹಾಗಾದರೆ ಲೇಬಲ್‌ನಲ್ಲಿ ಏನು ಹುಡುಕಲಿ?

ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರಕ್ಕೆ ಹೋಗಿ. ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ಹಿಗ್ಗಿಸಿ. ಫಾರ್ಮಾಲ್ಡಿಹೈಡ್, ಫಾರ್ಮಾಲಿನ್, ಫಾರ್ಮಾಲ್, ಮೀಥೈಲೀನ್ ಗ್ಲೈಕಾಲ್, ಮೀಥೇನ್‌ಡಯಾಲ್, ಮೆಥನಾಲ್ ಅನ್ನುವ ಹೆಸರುಗಳನ್ನು ನೋಡಿ. ಈ ಕೊನೆಯದರಲ್ಲಿ ಎಡವಬೇಡಿ. ಕನ್ನಡದಲ್ಲಿ ಓದುವಾಗ ಎರಡು ಪದಾರ್ಥಗಳು ಒಂದೇ ಥರ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ "ಓಎಲ್" ಅಂತ ಮುಗಿದರೆ ಅದು ಸ್ಪಿರಿಟ್ ಜಾತಿಯದು, "ಎಎಲ್" ಅಂತ ಮುಗಿದರೆ ಫಾರ್ಮಾಲ್ಡಿಹೈಡ್. ಕೆಲವು ಪ್ರೊಫೆಷನಲ್ ಬಾಟಲಿಗಳ ಸುರಕ್ಷತಾ ಹಾಳೆಯಲ್ಲಿ ಹೆಸರಿನ ಬದಲು 50-00-0 ಅನ್ನುವ ಸಂಖ್ಯೆ ಇರುತ್ತದೆ. ಅದೂ ಫಾರ್ಮಾಲ್ಡಿಹೈಡೇ. ಮೀಥೈಲೀನ್ ಗ್ಲೈಕಾಲ್‌ಗೆ ಮಾತ್ರ ಬೇರೆ ಸಂಖ್ಯೆ, 463-57-0. ಅದನ್ನೂ ನೋಡಿ.

ಗ್ಲೈಆಕ್ಸಿಲಿಕ್ ಆಸಿಡ್, ಗ್ಲೈಆಕ್ಸಿಲಾಯ್ಲ್ ಕಾರ್ಬೋಸಿಸ್ಟೀನ್, ಗ್ಲೈಆಕ್ಸಿಲಾಯ್ಲ್ ಕೆರಾಟಿನ್ ಅಮೈನೋ ಆಸಿಡ್ಸ್ ಅಂತ ಇದ್ದರೆ ಅದು ಬೇರೆ ಗುಂಪು. ಅದರ ವಿಷಯ ಮುಂದೆ ಹೇಳಿದ್ದೇನೆ.

ಒಳಗಿನ ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ ಓದುವ ಕಷ್ಟ ಯಾಕೆ, ವಾಪಸ್ ಇಡಿ. ನಮ್ಮ ದೇಶದ ಕಾಯ್ದೆ ಪ್ರಕಾರ ಇಲ್ಲೇ ತಯಾರಾದ ಸೌಂದರ್ಯ ಸಾಧನದ ಮೇಲೆ ಪದಾರ್ಥಗಳ ಪಟ್ಟಿ, ತಯಾರಕರ ಹೆಸರು ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಬಳಸಬೇಕಾದ ಕೊನೆಯ ತಿಂಗಳು ಇರಲೇಬೇಕು. ಹೊರದೇಶದ್ದಾದರೆ ಇಲ್ಲಿ ತರಿಸಿದವರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಬರೀ ಪೋರ್ಚುಗೀಸ್ ಭಾಷೆ, ಬರೀ ಬ್ರೆಜಿಲ್ ಬಾವುಟ ಇರುವ ಬಾಟಲಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅವುಗಳ ಮೇಲೆ ಇದ್ಯಾವುದೂ ಇರುವುದಿಲ್ಲ.

ಎಷ್ಟಿದ್ದರೆ ಅಪಾಯ? ಸ್ವಲ್ಪ ಇದ್ದರೆ ಏನಾಗುತ್ತೆ?

ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಬಿಎಸ್ಸಿ ಓದುವ ನನ್ನ ಅಕ್ಕನ ಮಗಳು ಒಂದು ಭಾನುವಾರ ಹಾಳೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕ ಇದು. ಅವತ್ತಿನಿಂದ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ!

ನಮ್ಮ ಮನೆಗಳ ಬಚ್ಚಲು ಎಷ್ಟಿರುತ್ತದೆ? 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ ಅಂದುಕೊಳ್ಳಿ. 280 ಘನ ಅಡಿ, ಅಂದರೆ ಸುಮಾರು 8 ಘನ ಮೀಟರ್ ಗಾಳಿ. ಬೆನ್ನಿನ ಮಧ್ಯದವರೆಗಿನ ಕೂದಲಿಗೆ 60 ಮಿಲಿ ದ್ರವ ಬೇಕು. ಪೋರ್ಟ್‌ಲ್ಯಾಂಡ್‌ನಲ್ಲಿ ಸಿಕ್ಕ ಹಾಗೆ ಶೇ. 8 ಇದ್ದರೆ ಅದರಲ್ಲಿ ಫಾರ್ಮಾಲ್ಡಿಹೈಡ್ 4,800 ಮಿಲಿಗ್ರಾಂ. ಎಲ್ಲವೂ ಗಾಳಿಗೆ ಬರುವುದಿಲ್ಲ. ನೂರರಲ್ಲಿ ಒಂದೇ ಪಾಲು ಬಂತು ಅನ್ನೋಣ, 48 ಮಿಲಿಗ್ರಾಂ. 8 ಘನ ಮೀಟರ್‌ಗೆ ಹಂಚಿದರೆ ಪ್ರತಿ ಘನ ಮೀಟರ್‌ಗೆ 6 ಮಿಲಿಗ್ರಾಂ. ಗಾಳಿಯ ಅಳತೆಯಲ್ಲಿ ಇದು ಸುಮಾರು 5 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 5 ಪಾಲು. ಅಮೆರಿಕದಲ್ಲಿ ಕಾರ್ಖಾನೆ ಕೆಲಸಗಾರರಿಗೂ ಹದಿನೈದು ನಿಮಿಷಕ್ಕೆ 2 ಪಿಪಿಎಂ, ಇಡೀ ದಿನದ ಎಂಟು ಗಂಟೆಗೆ ಸರಾಸರಿ 0.75 ಪಿಪಿಎಂ ದಾಟುವಂತಿಲ್ಲ. ಬಾಗಿಲು ಹಾಕಿದ ಬಚ್ಚಲಲ್ಲಿ ನೂರರಲ್ಲಿ ಒಂದು ಪಾಲು ಹಾರಿದ್ದಕ್ಕೇ ಇಷ್ಟು.

ಈಗ ಅದೇ ಬಚ್ಚಲು, ಅದೇ 60 ಮಿಲಿ. ಆದರೆ ದ್ರವದಲ್ಲಿ ಶೇ. 0.2 ಮಾತ್ರ. ಸೌಂದರ್ಯ ಸಾಧನ ಕೆಡದ ಹಾಗೆ ಇಡಲು ಭಾರತದ ಮಾನಕ ಬಹಳ ಕಾಲದಿಂದ ಇಟ್ಟುಕೊಂಡು ಬಂದ ಮಿತಿ ಅದು. ಲೆಕ್ಕ ಮಾಡಿದರೆ ಗಾಳಿಯಲ್ಲಿ 0.12 ಪಿಪಿಎಂ ಬರುತ್ತದೆ. ಕೆಲಸಗಾರರ ಮಿತಿಗಿಂತ ಕೆಳಗೇ ಇದೆ. ಆದರೂ ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯನ್ನು ಸ್ವಲ್ಪ ದಾಟುತ್ತದೆ. ಒಂದು ಮಾತು ಗಮನಿಸಿ. 0.2 ಇರುವ ದ್ರವ ಕೂದಲನ್ನು ನೇರ ಮಾಡುವುದಿಲ್ಲ. ನೇರ ಮಾಡಬೇಕಾದರೆ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ಫಾರ್ಮಾಲ್ಡಿಹೈಡ್‌ನಿಂದಲೇ ಕೆಲಸ ಮಾಡುವ ದ್ರವ ಒಂದೋ ಮಿತಿಯೊಳಗಿದ್ದು ಕೆಲಸ ಮಾಡುವುದಿಲ್ಲ, ಇಲ್ಲವೋ ಕೆಲಸ ಮಾಡಿ ಮಿತಿ ದಾಟಿರುತ್ತದೆ.

ಕ್ಯಾನ್ಸರ್ ಬರುತ್ತಾ?

ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಹೆದರಿಸದೆ, ಮುಚ್ಚಿಡದೆ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್ ಮತ್ತು ಒಂದು ಬಗೆಯ ರಕ್ತದ ಕ್ಯಾನ್ಸರ್ ಜೊತೆ ಅದರ ನಂಟಿದೆ. ಆದರೆ ಆ ಸಾಕ್ಷ್ಯ ಬಂದಿದ್ದು ಮುಖ್ಯವಾಗಿ ವರ್ಷಗಟ್ಟಲೆ ಅದರ ನಡುವೆ ಕೆಲಸ ಮಾಡಿದವರಿಂದ. ವರ್ಷಕ್ಕೊಮ್ಮೆ ಕುರ್ಚಿಯಲ್ಲಿ ಕೂರುವವರಿಗಿಂತ, ವಾರಕ್ಕೆ ಐದಾರು ತಲೆ ಐರನ್ ಮಾಡುವ ಹುಡುಗಿಯರಿಗೆ ಅಪಾಯ ಜಾಸ್ತಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆ ಹುಡುಗಿಯರ ಬಗ್ಗೆ ಯಾರೂ ಕೇಳುವುದಿಲ್ಲ.

ಇನ್ನೊಂದು ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ: ಸ್ಟ್ರೈಟನಿಂಗ್‌ನಿಂದ ಗರ್ಭಕೋಶದ ಕ್ಯಾನ್ಸರ್ ಅಂತ. ಅದರ ಮೂಲ 2022ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ. 33,000ಕ್ಕೂ ಹೆಚ್ಚು ಹೆಂಗಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದರು. ಸ್ಟ್ರೈಟನರ್ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 1.64 ಇತ್ತು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05. ಹೆಚ್ಚಳ ನಿಜ. ಆದರೆ ಅವರು ಯಾವ ಕಂಪನಿಯದು, ಒಳಗೆ ಏನಿತ್ತು ಅಂತ ಬರೆದುಕೊಂಡಿರಲಿಲ್ಲ. ಅಲ್ಲಿ ಬಳಕೆಯಲ್ಲಿರುವುದರಲ್ಲಿ ಕ್ಷಾರದಿಂದ ಕೂದಲು ನೇರ ಮಾಡುವ ರಿಲ್ಯಾಕ್ಸರ್ ಕ್ರೀಮುಗಳೂ ಸೇರಿವೆ. ಅದನ್ನು ಹಾಗೇ ತಂದು ನಮ್ಮ ಕೆರಾಟಿನ್‌ಗೆ ಅಂಟಿಸಲು ಬರುವುದಿಲ್ಲ. ಮೇಲಿಂದ ಮೇಲೆ ಮಾಡಿಸಬೇಡಿ ಅನ್ನುವುದಕ್ಕೆ ಮಾತ್ರ ಇದು ಒಳ್ಳೆಯ ಕಾರಣ.

ಫಾರ್ಮಾಲ್ಡಿಹೈಡ್ ಇಲ್ಲ, ಗ್ಲೈಆಕ್ಸಿಲಿಕ್ ಇದೆ. ಇದು ಸೇಫ್ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಕಣ್ಣುರಿ ಕಡಿಮೆ, ವಾಸನೆ ಕಡಿಮೆ. ಎಷ್ಟೋ ವರ್ಷ ಧೈರ್ಯವಾಗಿ ಹಾಕಿದೆ.

ಆಮೇಲೆ ಕಿಡ್ನಿ ಸುದ್ದಿ ಬಂತು. ಇಸ್ರೇಲ್‌ನ ವೈದ್ಯರು ಕೂದಲು ನೇರ ಮಾಡಿಸಿಕೊಂಡ ಮೇಲೆ ಕಿಡ್ನಿಗೆ ಏಕಾಏಕಿ ಪೆಟ್ಟಾದ 26 ಮಂದಿಯ ವಿವರ 2023ರಲ್ಲಿ ಪ್ರಕಟಿಸಿದರು. 2024ರಲ್ಲಿ ಫ್ರಾನ್ಸ್‌ನ ವೈದ್ಯರು 26 ವರ್ಷದ ಒಬ್ಬಳ ಬಗ್ಗೆ ಬರೆದರು. ಅವಳು 2020, 2021, 2022ರಲ್ಲಿ ಒಂದೊಂದು ಸಲ ಅದೇ ಸಲೂನ್‌ನಲ್ಲಿ ಮಾಡಿಸಿದ್ದಳು. ಮೂರು ಸಲವೂ ಕಿಡ್ನಿಗೆ ಪೆಟ್ಟಾಯಿತು. ಪ್ರತಿ ಸಲವೂ ಹಚ್ಚುವಾಗ ನೆತ್ತಿ ಉರಿದು, ಆಮೇಲೆ ಹುಣ್ಣಾಗಿತ್ತು. ಕ್ರೀಮಿನಲ್ಲಿ ಶೇ. 10 ಗ್ಲೈಆಕ್ಸಿಲಿಕ್ ಆಮ್ಲವಿತ್ತು. ಅದೇ ಕ್ರೀಮನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದಾಗ ಅವುಗಳ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಂಡವು. ಆಮ್ಲ ಚರ್ಮದ ಮೂಲಕ ರಕ್ತ ಸೇರಿ, ದೇಹದಲ್ಲಿ ಆಕ್ಸಲೇಟ್ ಆಗಿ, ಕಿಡ್ನಿಯಲ್ಲಿ ಹರಳುಗಟ್ಟುತ್ತದೆ ಅನ್ನುವುದು ಅವರ ವಿವರಣೆ.

ಇದು ಎಲ್ಲರಿಗೂ ಆಗುವುದಿಲ್ಲ. ಎಷ್ಟೋ ಜನ ಏನೂ ಆಗದೆ ಮಾಡಿಸಿಕೊಂಡಿದ್ದಾರೆ. ಆದರೆ ಆದವರಲ್ಲಿ ಕೆಲವರಿಗೆ ಕೆಲವು ದಿನ ಡಯಾಲಿಸಿಸ್ ಬೇಕಾಯಿತು. ಆದ್ದರಿಂದ ನಾನು ಈಗ ಎರಡು ವಿಷಯದಲ್ಲಿ ಗಟ್ಟಿ. ಕಿಡ್ನಿ ತೊಂದರೆ ಇರುವವರಿಗೆ ಮಾಡುವುದಿಲ್ಲ. ನೆತ್ತಿಯ ಮೇಲೆ ಗಾಯ, ಹೊಟ್ಟು, ಕೆರೆತ ಇದ್ದರೂ ಮಾಡುವುದಿಲ್ಲ. ಮಾಡಿದವರಿಗೂ ಬುಡದಿಂದ ಒಂದು ಬೆರಳಗಲ ಬಿಟ್ಟೇ ಹಚ್ಚುತ್ತೇನೆ. "ಬುಡದಿಂದಲೇ ಹಾಕಿ ಆಂಟಿ, ದುಡ್ಡು ಕೊಡ್ತಿಲ್ವಾ" ಅಂತ ಕೋಪ ಮಾಡಿಕೊಂಡವರಿದ್ದಾರೆ. ಪರವಾಗಿಲ್ಲ.

ಮಾಡಿಸಿಕೊಂಡ ದಿನ ಅಥವಾ ಮುಂದಿನ ಕೆಲವು ದಿನದಲ್ಲಿ ವಾಂತಿ, ಹೊಟ್ಟೆನೋವು, ಬೆನ್ನುನೋವು, ಮೂತ್ರ ಕಡಿಮೆಯಾಗುವುದು ಶುರುವಾದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕೂದಲು ನೇರ ಮಾಡಿಸಿದ್ದನ್ನು ಬಾಯಿಬಿಟ್ಟು ಹೇಳಿ. ವೈದ್ಯರಿಗೆ ತಾವಾಗಿ ಅದು ಹೊಳೆಯುವುದು ಕಷ್ಟ. ಕ್ರಿಯಾಟಿನಿನ್ ಅನ್ನುವ ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ಗೊತ್ತಾಗುತ್ತದೆ.

ಕೂದಲ ಬಣ್ಣ ಬದಲಾಗುತ್ತಾ?

ಗ್ಲೈಆಕ್ಸಿಲಿಕ್ ತುಂಬಾ ಹುಳಿ ಪದಾರ್ಥ. ಬಣ್ಣ ಹಾಕಿದ ಕೂದಲು ಒಂದೆರಡು ಛಾಯೆ ತಿಳಿಯಾಗುತ್ತದೆ, ಬಿಳಿ ಕೂದಲು ಹಳದಿ ತಿರುಗಬಹುದು. ಬಣ್ಣ ಹಾಕುವುದಿದ್ದರೆ ಆಮೇಲೆ ಎರಡು ವಾರ ಬಿಟ್ಟು ಹಾಕಿ.

ಮನೆ ಕಿಟ್ ತಗೊಳ್ಳಲಾ, ಪಾರ್ಲರ್‌ಗೆ ಬರಲಾ?

ಪಾರ್ಲರ್ ಇಟ್ಟುಕೊಂಡವಳು ಪಾರ್ಲರೇ ಒಳ್ಳೆಯದು ಅಂತಾಳೆ ಅಂದುಕೊಳ್ಳಬೇಡಿ. ಮೂರು ಪ್ರಶ್ನೆಗೆ ಉತ್ತರ ಎಲ್ಲಿ ಚೆನ್ನಾಗಿ ಸಿಗುತ್ತದೋ ಅದನ್ನು ಆರಿಸಿ: ಬಾಟಲಿಯಲ್ಲಿ ಏನಿದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಐರನ್ ಯಾರ ಕೈಯಲ್ಲಿದೆ.

ಹೋದ ವರ್ಷ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಮೂರು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು. ಮೂರನ್ನೂ ಆನ್‌ಲೈನಿನಲ್ಲಿ ತರಿಸಿದ್ದರು. ಒಟ್ಟಿಗೆ ಕೂತು ಓದಿದೆವು.

ಮೊದಲನೆಯದು 700 ರೂಪಾಯಿಯ ಕೆರಾಟಿನ್ ಕಿಟ್. ಪಟ್ಟಿಯಲ್ಲಿ ನೀರು, ಸೀಟೈಲ್ ಆಲ್ಕೋಹಾಲ್, ಸಿಲಿಕಾನ್, ಹೈಡ್ರೊಲೈಸ್ಡ್ ಕೆರಾಟಿನ್, ಸುವಾಸನೆ. ಇದು ದುಬಾರಿ ಕಂಡೀಷನರ್, ಅಷ್ಟೇ. ಅಪಾಯವಿಲ್ಲ, ಮೂರು ತಿಂಗಳೂ ಇಲ್ಲ. ಮದುವೆಗೆ ನಾಲ್ಕು ದಿನ ಕೂದಲು ಸಿಕ್ಕಾಗದೆ ಇದ್ದರೆ ಸಾಕು ಅನ್ನುವವರಿಗೆ ಸರಿಯಾದ ಆಯ್ಕೆ.

ಎರಡನೆಯದು 1,800 ರೂಪಾಯಿಯದು. ಪಟ್ಟಿಯಲ್ಲಿ ನೀರಾದ ಮೇಲೆ ಎರಡನೇ ಹೆಸರೇ ಗ್ಲೈಆಕ್ಸಿಲಿಕ್ ಆಸಿಡ್. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ, ಹಾಗಾಗಿ ಎರಡನೇ ಜಾಗ ಅಂದರೆ ಸಣ್ಣ ಪ್ರಮಾಣವಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಪಿಎಚ್ ಕಾಗದ ಅದ್ದಿದರೆ ನಿಂಬೆಹಣ್ಣಿನಷ್ಟೇ ಹುಳಿ ತೋರಿಸಿತು. ಲೈಸೆನ್ಸ್ ನಂಬರ್ ಎಲ್ಲ ಇತ್ತು. ಆದರೆ ಸೂಚನೆಯಲ್ಲಿ "ನೆತ್ತಿಯಿಂದ ಹಚ್ಚಿ" ಅಂತಿತ್ತು. ಅದಕ್ಕೇ ನಾನು ಬೇಡ ಅಂದೆ. ತನ್ನ ತಲೆಯ ಹಿಂಭಾಗ ತನಗೆ ಕಾಣುವುದಿಲ್ಲ. ಬೆರಳಗಲ ಬಿಟ್ಟು ಹಚ್ಚುವುದು, ಸಣ್ಣ ಸಣ್ಣ ಭಾಗ ಹಿಡಿದು ಐರನ್ ಒತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕೂದಲು ಪೂರ್ತಿ ಒಣಗುವ ಮೊದಲೇ ಐರನ್ ಇಟ್ಟರೆ ಒಳಗಿನ ನೀರು ಕುದಿದು ಕೂದಲು ಗುಳ್ಳೆ ಏಳುತ್ತದೆ, ಅಲ್ಲೇ ಮುರಿಯುತ್ತದೆ. ಚುರ್ ಅನ್ನುವ ಸದ್ದು ಕೇಳಿದರೆ ಐರನ್ ತೆಗೆಯಬೇಕು.

ಮೂರನೆಯದು ಅಗ್ಗದ್ದು, ಒಂದು ಲೀಟರ್ ಬಾಟಲಿ. ಮೇಲೆ "ಫಾರ್ಮಾಲ್ಡಿಹೈಡ್ ಫ್ರೀ, ಸಲೂನ್ ಸ್ಟ್ರೆಂತ್". ಹಿಂದೆ ಪದಾರ್ಥಗಳ ಪಟ್ಟಿ ಇಲ್ಲ, ತಯಾರಕರ ವಿಳಾಸ ಇಲ್ಲ. ಮುಚ್ಚಳ ತೆಗೆದಾಗ ಚಾಕಲೇಟ್ ಸುವಾಸನೆ, ಅದರ ಹಿಂದೆಯೇ ಮೂಗು ಚುಚ್ಚುವ ಏನೋ ಒಂದು. ಮುಚ್ಚಿ ಬದಿಗಿಟ್ಟೆವು. ಚುಚ್ಚಲಿಲ್ಲ ಅಂದಿದ್ದರೂ ನಾನು ಬಳಸುತ್ತಿರಲಿಲ್ಲ. ತಣ್ಣಗಿರುವಾಗ ವಾಸನೆ ಬಾರದ ದ್ರವವೂ ಐರನ್ ತಗುಲಿದಾಗ ಬೇರೆಯೇ ಆಗುತ್ತದೆ.

ಆ ಮೇಡಂ ಕೊನೆಗೆ ಮೊದಲನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ವಾಪಸ್ ಕಳಿಸಿದರು.

ಪಾರ್ಲರ್‌ನವರಿಗೆ ಗೊತ್ತಿರುತ್ತೆ ಅಂತ ನಂಬಬಹುದಾ?

ಎಲ್ಲ ಕಡೆ ನಂಬಲಾಗದು. ಯಾಕೆ ಅಂದರೆ ನನಗೇ ಗೊತ್ತಿರಲಿಲ್ಲ. ಪಾರ್ಲರ್ ಶುರುಮಾಡಿದ ಮೊದಲ ವರ್ಷಗಳಲ್ಲಿ ಒಬ್ಬ ಸಪ್ಲೈಯರ್ ಲೇಬಲ್ ಇಲ್ಲದ ಬಿಳಿ ಬಾಟಲಿಯಲ್ಲಿ ಕೆರಾಟಿನ್ ತಂದುಕೊಡುತ್ತಿದ್ದ. ಎಸಿ ಹಾಕಿ, ಬಾಗಿಲು ಮುಚ್ಚಿ ಕೆಲಸ ಮಾಡುತ್ತಿದ್ದೆವು. ಕಣ್ಣೀರು ಸುರಿಯುತ್ತಿತ್ತು. ಗಿರಾಕಿಗೆ ಒದ್ದೆ ಬಟ್ಟೆ ಕೊಟ್ಟು "ಸ್ವಲ್ಪ ಹೊತ್ತು ಅಷ್ಟೇ" ಅನ್ನುತ್ತಿದ್ದೆ. ಒಂದು ಸಂಜೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯ ಮೂಗಿನಿಂದ ರಕ್ತ ಬಂತು. ಉಷ್ಣ ಆಗಿರಬೇಕು, ಎಳನೀರು ಕುಡಿ ಅಂದೆ. ಎರಡು ವಾರದಲ್ಲಿ ಮತ್ತೆ ಬಂತು, ಅದೂ ಕೆರಾಟಿನ್ ಮಾಡಿದ ದಿನವೇ. ಆಗ ಆ ಬಾಟಲಿ ನಿಲ್ಲಿಸಿದೆ. ಅವಳಿಗೆ ಎಳನೀರು ಕುಡಿಸಿ ಕೆಲಸಕ್ಕೆ ನಿಲ್ಲಿಸಿದ್ದು ಈಗಲೂ ನನಗೆ ನೋವು ಕೊಡುತ್ತದೆ.

ಹಾಗಾಗಿ ಕುರ್ಚಿಯಲ್ಲಿ ಕೂರುವ ಮೊದಲು ಬಾಟಲಿ ತೋರಿಸಿ ಅಂತ ಕೇಳಿ. ಬಟ್ಟಲಿಗೆ ಸುರಿದಿಟ್ಟದ್ದಲ್ಲ, ಮೂಲ ಬಾಟಲಿ. ತೋರಿಸಲು ಹಿಂಜರಿದರೆ ಎದ್ದು ಬನ್ನಿ. ಆಮೇಲೆ ಸುತ್ತ ನೋಡಿ. ಗಾಳಿಯನ್ನು ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಇದೆಯಾ, ಕಿಟಕಿ ತೆರೆಯುತ್ತಾ? ಸೀಲಿಂಗ್ ಫ್ಯಾನ್ ಹೊಗೆಯನ್ನು ಕೋಣೆಯೊಳಗೇ ತಿರುಗಿಸುತ್ತದೆ. ನಮ್ಮ ಗೋಡೆಗಳ ಮೇಲಿರುವ ಸ್ಪ್ಲಿಟ್ ಎಸಿ ಕೂಡ ಒಳಗಿನ ಗಾಳಿಯನ್ನೇ ತಂಪು ಮಾಡಿ ವಾಪಸ್ ಬಿಡುತ್ತದೆ. ತಣ್ಣಗಿದೆ ಅಂದರೆ ಗಾಳಿ ಚೆನ್ನಾಗಿದೆ ಅಂತ ಅಲ್ಲ.

ಮಾಸ್ಕ್ ಹಾಕಿಕೊಂಡರೆ ಆಗಲ್ವಾ?

ಕೋವಿಡ್ ಸಮಯದ ಎನ್95 ಮಾಸ್ಕ್ ಧೂಳು, ಹನಿಗಳನ್ನು ತಡೆಯುತ್ತದೆ. ಫಾರ್ಮಾಲ್ಡಿಹೈಡ್ ಅನಿಲ, ಅದು ನೇರ ಒಳಗೆ ಬರುತ್ತದೆ. ಅದಕ್ಕೆಂದೇ ಮಾಡಿದ ಗ್ಯಾಸ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಪಾರ್ಲರ್‌ನಲ್ಲಿ ಅಂಥ ಮಾಸ್ಕ್ ಬೇಕೇ ಬೇಕು ಅನ್ನಿಸುವ ಬಾಟಲಿ ಇದ್ದರೆ, ಆ ಬಾಟಲಿಯನ್ನೇ ಬಿಡುವುದು ಸುಲಭ.

ಮೆಹಂದಿ ಹಚ್ಚುವ ಕೂದಲಿಗೆ ಮಾಡಬಹುದಾ?

ಶುದ್ಧ ಮೆಹಂದಿ ಕೂದಲ ಮೇಲೆ ಪದರ ಕಟ್ಟುತ್ತದೆ. ದ್ರವ ಸರಿಯಾಗಿ ಹಿಡಿಯುವುದಿಲ್ಲ, ದುಡ್ಡು ದಂಡ. "ಕಪ್ಪು ಮೆಹಂದಿ" ಆದರೆ ಇನ್ನೂ ಜಾಗ್ರತೆ ಬೇಕು. ಕೆಲವದರಲ್ಲಿ ಲೋಹದ ಲವಣ ಇರುತ್ತದೆ. ರೀಬಾಂಡಿಂಗ್‌ನ ಪೆರಾಕ್ಸೈಡ್ ಅದಕ್ಕೆ ತಗುಲಿದರೆ ಕೂದಲು ಬಿಸಿಯಾಗಿ ಸುಟ್ಟ ಹಾಗಾಗುತ್ತದೆ. ಏನು ಹಚ್ಚಿದ್ದೀರಿ ಅಂತ ನಾಚದೆ ಹೇಳಿ. ಕಿವಿಯ ಹಿಂದಿನ ಒಂದು ಎಳೆಗೆ ಮೊದಲು ಮಾಡಿ ನೋಡುತ್ತೇವೆ.

ಬಸುರಿಯರು, ಮಗುವಿಗೆ ಹಾಲು ಕುಡಿಸುವವರು, ಮಕ್ಕಳು?

ನಾನು ಮಾಡುವುದಿಲ್ಲ. ಸೀಮಂತಕ್ಕೆ ಕೂದಲು ನೇರ ಬೇಕು ಅಂದರೆ ಬ್ಲೋ ಡ್ರೈ ಮಾಡಿಕೊಡುತ್ತೇನೆ, ಒಂದು ದಿನ ನಿಲ್ಲುತ್ತದೆ. ಆಸ್ತಮಾ ಇರುವವರಿಗೂ ಇದೇ ಮಾತು.

ಮಾಡಿಸುವಾಗಲೇ ಕಣ್ಣು, ಗಂಟಲು ಉರಿಯಲು ಶುರುವಾದರೆ?

ತಡೆದುಕೊಳ್ಳಬೇಡಿ. ಅರ್ಧ ತಲೆ ಮುಗಿದಿದ್ದರೂ ಸರಿ, ಹೊರಗೆ ಗಾಳಿಗೆ ಹೋಗಿ. ಐರನ್ ನಿಲ್ಲಿಸಲಿ, ಕೂದಲು ನೀರಿನಲ್ಲಿ ತೊಳೆಯಲಿ. ಕಣ್ಣಿಗೆ ತಣ್ಣೀರು ಹಾಕಿ. ಉಸಿರು ಕಟ್ಟಿದ ಹಾಗೆ, ಎದೆ ಬಿಗಿದ ಹಾಗೆ ಅನ್ನಿಸಿದರೆ ಆಸ್ಪತ್ರೆಗೆ ಹೋಗಿ. ಸ್ವಲ್ಪ ಹೊತ್ತಿಗೆ ವಾಸನೆ ಕಡಿಮೆಯಾಯಿತು ಅನ್ನಿಸಬಹುದು. ಅದನ್ನು ನಂಬಬೇಡಿ. ಅನಿಲ ಹಾಗೇ ಇರುತ್ತದೆ, ಮೂಗು ಹೊಂದಿಕೊಂಡಿರುತ್ತದೆ.

ಫಾರ್ಮಾಲ್ಡಿಹೈಡ್ ಇದೆಯಾ ಅಂತ ಮನೆಯಲ್ಲೇ ನೋಡುವ ಟೆಸ್ಟ್ ಸ್ಟ್ರಿಪ್ ಸಿಗುತ್ತಲ್ಲ?

ಸಿಗುತ್ತದೆ. ಆದರೆ ಗ್ಲೈಆಕ್ಸಿಲಿಕ್ ಆಮ್ಲವೂ ಆಲ್ಡಿಹೈಡ್ ಜಾತಿಗೇ ಸೇರಿದ್ದು. ಕೆಲವು ಸ್ಟ್ರಿಪ್‌ಗಳು ಅದಕ್ಕೂ ಬಣ್ಣ ಬದಲಿಸುತ್ತವೆ. ಖಚಿತ ಉತ್ತರ ಲ್ಯಾಬಿನಲ್ಲೇ ಸಿಗುವುದು.

ತೊಂದರೆ ಆದರೆ ಯಾರಿಗೆ ದೂರು ಕೊಡಲಿ?

ಸೌಂದರ್ಯ ಸಾಧನಗಳು ನಮ್ಮಲ್ಲಿ ಔಷಧಗಳ ಕಾಯ್ದೆಯ ಕೆಳಗೇ ಬರುತ್ತವೆ. ಹಾಗಾಗಿ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆದುಕೊಡಬಹುದು. ದುಡ್ಡು ವಾಪಸ್ ಬೇಕಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎರಡಕ್ಕೂ ಬಿಲ್ ಬೇಕು, ಬಾಟಲಿಯ ನಾಲ್ಕೂ ಬದಿಯ ಫೋಟೋ ಬೇಕು, ಬ್ಯಾಚ್ ನಂಬರ್ ಕಾಣಬೇಕು. ಮನೆ ಕಿಟ್ ಆದರೆ ಉಳಿದ ದ್ರವ ಚೆಲ್ಲಬೇಡಿ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ, ಮನೆಯ ಹೊರಗಿನ ನೆರಳಿನಲ್ಲಿ ಇಡಿ. ಪರೀಕ್ಷೆಗೆ ಕಳಿಸುವುದಾದರೆ ಅದೇ ಬೇಕು.